ಜೂಲು ನಾಯಿಯ ಫೋಟೋ ನೋಡಿ ತಳಿ ಗುರುತಿಸುವುದು: ಮೊದಲು ಮೂತಿ, ಆಮೇಲೆ ಕಿವಿ, ಕೊನೆಗೆ ಬಾಲ

ಕಲಬುರಗಿಯಲ್ಲಿ ಮೈತುಂಬ ಕೂದಲಿರುವ ಸಣ್ಣ ನಾಯಿಗೆ ಇರೋದು ಎರಡೇ ಹೆಸರು. ಕಿವಿ ನಿಂತಿದ್ದರೆ ಪಾಮೇರಿಯನ್, ಜೋತುಬಿದ್ದಿದ್ದರೆ ಶಿಟ್ಸು. ಮೂರನೇದು ಇಲ್ಲ. ನಾನು ಸೇಡಂ ರಸ್ತೆ ಕಡೆ ನಾಯಿಗಳಿಗೆ ಸ್ನಾನ ಮಾಡಿಸಿ ಕಟಿಂಗ್ ಮಾಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಎದ್ದರೆ ವಾಟ್ಸಾಪ್‌ನಲ್ಲಿ ಇಂಥದ್ದೇ ಮೆಸೇಜು: "ಅಣ್ಣಾ, ನಮ್ಮ ನಾಯಿ ಫೋಟೋ ಕಳಿಸೀನಿ ನೋಡ್ರಿ. ಪಾಮೇರಿಯನ್ ಅದ. ಪೂರಾ ಬೋಳಿಸ್ಲಿಕ್ಕೆ ಎಷ್ಟ್ ತೊಗೋತೀರಿ?"

ತಳಿಯ ಹೆಸರು ಏನಾದರೂ ಇರಲಿ, ನಾಯಿ ನಾಯಿಯೇ. ಆದರೆ ನನ್ನ ಕೆಲಸಕ್ಕೆ ಅದು ಮೊದಲೇ ಗೊತ್ತಿರಬೇಕು. ಪಾಮೇರಿಯನ್ ಥರದ ಸ್ಪಿಟ್ಜ್ ನಾಯಿಗಳಿಗೆ ಎರಡು ಪದರ ಕೂದಲು. ಒಳಗೆ ಹತ್ತಿಯಂಥ ಮೆತ್ತನೆ ಪದರ, ಹೊರಗೆ ಉದ್ದನೆ ಒರಟು ಪದರ. ಚರ್ಮಕ್ಕೆ ಹತ್ತಿ ಬೋಳಿಸಿದರೆ ಕೆಲವು ನಾಯಿಗಳಲ್ಲಿ ಆ ಜಾಗದ ಕೂದಲು ತಿಂಗಳುಗಟ್ಟಲೆ ಬರೋದೇ ಇಲ್ಲ. ಶಿಟ್ಸು, ಲಾಸಾ, ಮಾಲ್ಟೀಸ್‌ಗಳ ಕೂದಲು ನಮ್ಮ ತಲೆಕೂದಲಿನಂತೆ ಬೆಳೆಯುತ್ತಲೇ ಇರುತ್ತದೆ, ಕತ್ತರಿಸಿದರೆ ಮತ್ತೆ ಬರುತ್ತದೆ. ಇನ್ನೊಂದು ಕಾರಣ ಮೂತಿ. ಚಪ್ಪಟೆ ಮೂತಿಯ ನಾಯಿಗೆ ಉಸಿರಾಟ ಮೊದಲೇ ಕಷ್ಟ. ಮೇ ತಿಂಗಳಲ್ಲಿ ನಮ್ಮೂರು 42 ಡಿಗ್ರಿ ದಾಟಿರುವಾಗ ಅದರ ಮುಂದೆ ಬಿಸಿ ಗಾಳಿಯ ಡ್ರೈಯರ್ ಹಿಡಿದರೆ ನಾಲಿಗೆ ನೀಲಿಯಾಗಲು ಹೆಚ್ಚು ಹೊತ್ತು ಬೇಡ.

ಹಾಗಾಗಿ ಫೋಟೋದಲ್ಲೇ ಗುರುತಿಸೋದನ್ನು ಕಲಿತೆ. ಕಲಿತದ್ದು ತಪ್ಪು ಮಾಡಿಯೇ. ಶುರುವಿನಲ್ಲಿ ಒಂದು ಬಿಳಿ ನಾಯಿಯ ಫೋಟೋ ಬಂತು. ಎದುರಿನಿಂದ, ತೀರಾ ಹತ್ತಿರದಿಂದ ತೆಗೆದದ್ದು. ಕಿವಿ ಕಾಣಲಿಲ್ಲ. ಜೋತುಬಿದ್ದ ಕಿವಿ ಅಂದುಕೊಂಡು ಮಾಲ್ಟೀಸ್ ಅಂತ ಬರೆದುಕೊಂಡೆ. ನಾಯಿ ಬಂದಾಗ ನಾನು ಊಟಕ್ಕೆ ಹೋಗಿದ್ದೆ. ಹುಡುಗ ನನ್ನ ಚೀಟಿ ನೋಡಿ ಮೆಷಿನ್ ಹಚ್ಚಿದ. ಬೆನ್ನ ಮೇಲೆ ಒಂದು ಪಟ್ಟಿ ಓಡಿದ ಮೇಲೆ ಒಳಗಿನ ಹತ್ತಿಯಂಥ ಪದರ ಕಂಡು ಅವನೇ ನಿಲ್ಲಿಸಿದ. ಅದು ಇಂಡಿಯನ್ ಸ್ಪಿಟ್ಜ್. ಫೋಟೋ ತೆಗೆಯುವಾಗ ಹೆದರಿ ಕಿವಿಯನ್ನು ಹಿಂದಕ್ಕೆ ಮಡಚಿಕೊಂಡಿತ್ತು, ಅಷ್ಟೇ. ಆ ಪಟ್ಟಿಯಲ್ಲಿ ಮುಂದಿನ ದೀಪಾವಳಿ ತನಕ ಸರಿಯಾಗಿ ಕೂದಲು ಬರಲಿಲ್ಲ. ತಪ್ಪು ಹುಡುಗನದಲ್ಲ, ನನ್ನದು.

ಅವತ್ತಿನಿಂದ ನಾನು ಕೂದಲನ್ನೂ ಬಣ್ಣವನ್ನೂ ಕೊನೆಗೆ ನೋಡುತ್ತೇನೆ. ಮೊದಲು ಎಲುಬು.

ಮೊದಲ ಹಂತ: ಸರಿಯಾದ ಮೂರು ಫೋಟೋ ತರಿಸಿಕೊಳ್ಳಿ

ಇದ್ದ ಫೋಟೋದಲ್ಲೇ ಗುರುತಿಸುತ್ತೇನೆ ಅಂತ ಹಟ ಮಾಡಬೇಡಿ. ಮನೆಯವರು ಕಳಿಸುವ ಹತ್ತರಲ್ಲಿ ಎಂಟು ಫೋಟೋ ನಿಂತುಕೊಂಡು ಮೇಲಿನಿಂದ ತೆಗೆದವು. ಅದರಲ್ಲಿ ಎರಡು ಕಣ್ಣು, ಒಂದು ಮೂಗು ಬಿಟ್ಟರೆ ಬರೀ ಕೂದಲು. ನಾನು ಮೂರು ಫೋಟೋ ಕೇಳುತ್ತೇನೆ. ನಾಯಿಯ ಮುಖ ಪಕ್ಕದಿಂದ. ಮುಖ ನೇರ ಎದುರಿನಿಂದ. ಮತ್ತು ನಿಂತಿರುವ ನಾಯಿ ಪೂರ್ತಿಯಾಗಿ, ಪಕ್ಕದಿಂದ, ಬಾಲದ ಸಮೇತ.

ತೆಗೆಯುವವರು ನೆಲದ ಮೇಲೆ ಕೂತು ಮೊಬೈಲನ್ನು ನಾಯಿಯ ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು. ಐದಾರು ಅಡಿ ದೂರ ಇರಬೇಕು, ಬೇಕಾದರೆ ಎರಡು ಪಟ್ಟು ಜೂಮ್ ಮಾಡಲಿ. ದೂರ ಯಾಕೆ ಅಂದರೆ, ಮೊಬೈಲ್ ಕ್ಯಾಮೆರಾವನ್ನು ಮುಖದ ಹತ್ತಿರ ಒಯ್ದಷ್ಟೂ ಅದಕ್ಕೆ ಹತ್ತಿರ ಇರುವ ಭಾಗ ದೊಡ್ಡದಾಗಿ ಕಾಣುತ್ತದೆ. ಎದುರಿನಿಂದ ಒಂದು ಗೇಣು ದೂರದಲ್ಲಿ ತೆಗೆದರೆ ಮೂಗು ಆಲೂಗಡ್ಡೆ ಆಗುತ್ತದೆ, ಕಿವಿ ಹಿಂದೆ ಓಡುತ್ತದೆ. ಅಂಥ ಫೋಟೋದಲ್ಲಿ ಮೂತಿಯ ಉದ್ದ ಅಳೆಯೋದು ಸುಮ್ನೆ ಸಮಯ ಹಾಳು.

ಪೋರ್ಟ್ರೇಟ್ ಮೋಡ್ ಬೇಡವೇ ಬೇಡ. ಹಿಂದಿನದನ್ನು ಮಸುಕು ಮಾಡುವ ಭರದಲ್ಲಿ ಅದು ಕಿವಿಯ ಅಂಚಿನ ಎಳೆಗಳನ್ನೂ ಬಾಲದ ತುದಿಯನ್ನೂ ಸವರಿಬಿಡುತ್ತದೆ. ನಮಗೆ ಬೇಕಿರೋದೇ ಆ ಅಂಚು.

ಬಿಳಿ ನಾಯಿಯನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿದರೂ ಇದೇ ಕಥೆ. ಈ ವಿಷಯದಲ್ಲಿ ನಮ್ಮ ಕಡೆಯವರು ಅದೃಷ್ಟವಂತರು. ಮನೆ ಮನೆಯಲ್ಲೂ ನೆಲಕ್ಕೆ ಶಹಾಬಾದ್ ಫರಸಿ ಕಲ್ಲು ಹಾಸಿದೆ. ಆ ಬೂದು ಬಣ್ಣದ ಮೇಲೆ ಬಿಳಿ, ಕಂದು, ಕಪ್ಪು ಯಾವ ಕೂದಲೂ ಎದ್ದು ಕಾಣುತ್ತದೆ. ಮೇಲಾಗಿ ಫರಸಿ ಕಲ್ಲು ಅಳತೆಗೂ ಬರುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ. ಬಿಸಿಲಲ್ಲಿ ಬಿಳಿ ಕೂದಲು ಸುಣ್ಣ ಬಳಿದಂತೆ ಒಂದೇ ಹಾಳೆಯಾಗುತ್ತದೆ. ಬೆಳಿಗ್ಗೆ ವರಾಂಡದ ನೆರಳಲ್ಲಿ ತೆಗೆದು, ಸ್ಕ್ರೀನಿನಲ್ಲಿ ನಾಯಿಯ ಮೇಲೆ ಬೆರಳು ಒತ್ತಿ ಬೆಳಕು ಸ್ವಲ್ಪ ಇಳಿಸಿದರೆ ಎಳೆ ಎಳೆ ಬಿಡಿಸಿ ಕಾಣುತ್ತದೆ.

ಪಕ್ಕದ ಫೋಟೋಗೆ ಎರಡು ಕೈಚಳಕ ಇವೆ. ಒಂದು: ಒದ್ದೆ ಕೈಯಲ್ಲಿ ಮೂತಿಯ ಮೇಲಿನ ಕೂದಲನ್ನು ಕೆನ್ನೆಯ ಕಡೆಗೆ ಸವರಿ ಕೂರಿಸಬೇಕು. ದುಂಡಗೆ ಕಂಡಿದ್ದ ಮುಖದಿಂದ ಒಮ್ಮೆಲೆ ಮೂತಿ ಹೊರಗೆ ಬರುತ್ತದೆ. ಎರಡು: ನಾಯಿಯ ತಲೆಯ ಹಿಂಭಾಗದಲ್ಲಿ, ಕತ್ತು ಶುರುವಾಗುವ ಮುಂಚೆ, ಕೈಗೆ ಸಿಗುವ ಒಂದು ಎಲುಬಿನ ಗಂಟು ಇದೆ. ಫೋಟೋ ತೆಗೆಯುವಾಗ ಇನ್ನೊಬ್ಬರು ಅದರ ಮೇಲೆ ತೋರುಬೆರಳು ಇಟ್ಟಿರಬೇಕು. ಕೂದಲಿನ ರಾಶಿಯಲ್ಲಿ ತಲೆ ಎಲ್ಲಿ ಮುಗಿಯಿತು ಅನ್ನೋದು ಆ ಬೆರಳಿನಿಂದಲೇ ಗೊತ್ತಾಗೋದು.

ಎರಡನೇ ಹಂತ: ಮೂತಿಯನ್ನು ಅಳೆಯಿರಿ

ಮೂತಿ ಅಂದರೆ ಮೂಗಿನ ತುದಿಯಿಂದ ಎರಡು ಕಣ್ಣಿನ ನಡುವಿನ ತಗ್ಗಿನವರೆಗೆ. ಮೂಗಿನ ಗೆರೆ ಹಣೆಗೆ ಏರುವ ಜಾಗದಲ್ಲಿ ಆ ತಗ್ಗು ಇರುತ್ತದೆ. ಪಕ್ಕದ ಫೋಟೋ ತೆರೆದು, ಮೂಗಿನ ತುದಿಯಿಂದ ತಗ್ಗಿಗೆ ಒಂದು ಅಳತೆ ತೆಗೆಯಿರಿ. ಮೂಗಿನ ತುದಿಯಿಂದ ತಲೆಯ ಹಿಂದಿನ ಗಂಟಿಗೆ (ಬೆರಳು ಇಟ್ಟಿದ್ದಾರಲ್ಲ, ಅಲ್ಲಿಗೆ) ಇನ್ನೊಂದು. ಮಕ್ಕಳ ಸ್ಕೇಲನ್ನು ಸ್ಕ್ರೀನಿನ ಮೇಲೆ ಇಟ್ಟರೂ ನಡೆಯುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಫೋಟೋ ದೊಡ್ಡದಿರಲಿ ಸಣ್ಣದಿರಲಿ, ಈ ಭಾಗ ಬದಲಾಗೋದಿಲ್ಲ.

ಭಾಗ ಐದನೇ ಒಂದರ ಆಸುಪಾಸು ಅಥವಾ ಅದಕ್ಕೂ ಕಡಿಮೆ ಬಂದರೆ ಚಪ್ಪಟೆ ಮೂತಿ. ಪೀಕಿಂಗೀಸ್, ಜಪಾನೀಸ್ ಚಿನ್, ಶಿಟ್ಸು ಈ ಗುಂಪು. ಶಿಟ್ಸುವಿನ ಮೂತಿ ಮೂಗಿನ ತುದಿಯಿಂದ ತಗ್ಗಿನವರೆಗೆ ಒಂದು ಇಂಚು ಮೀರಬಾರದು ಅಂತ ಅಮೆರಿಕದ ತಳಿ ಮಾನದಂಡ ಹೇಳುತ್ತದೆ.

ಮೂರನೇ ಒಂದು ಆಸುಪಾಸು ಬಂದರೆ ನಡುವಿನ ಗುಂಪು. ಲಾಸಾ ಆಪ್ಸೊ, ಪಾಮೇರಿಯನ್, ಪಾಪಿಯಾನ್ ಮೂರೂ ಇಲ್ಲೇ. ಮಾಲ್ಟೀಸ್‌ಗೆ ತಲೆಯ ಉದ್ದದ 11ರಲ್ಲಿ 4 ಭಾಗ ಮೂತಿ. ಬಿಷೋನ್ ಫ್ರೀಸ್‌ಗೆ ಮೂತಿ 3 ಭಾಗ, ತಲೆಬುರುಡೆ 5 ಭಾಗ. ಎರಡನ್ನೂ ಲೆಕ್ಕ ಹಾಕಿದರೆ ನೂರಕ್ಕೆ 36 ಮತ್ತು 37ರ ಹತ್ತಿರ ಬರುತ್ತದೆ. ಅಂದರೆ ಮಾಲ್ಟೀಸನ್ನೂ ಬಿಷೋನನ್ನೂ ಮೂತಿಯಿಂದ ಬೇರೆ ಮಾಡುವ ಮಾತೇ ಇಲ್ಲ. ಅದು ಕಿವಿಯ ಕೆಲಸ.

ಅರ್ಧದ ಹತ್ತಿರ ಬಂದರೆ ಪೂಡಲ್. ಅದರ ಮೂತಿಯೂ ತಲೆಬುರುಡೆಯೂ ಹೆಚ್ಚುಕಡಿಮೆ ಸಮ. ಟೆಡ್ಡಿ ಗೊಂಬೆಯಂತೆ ದುಂಡಗೆ ಕತ್ತರಿಸಿದ ಟಾಯ್ ಪೂಡಲನ್ನು ಬಿಷೋನ್ ಅಂತ ಮಾರುವವರಿದ್ದಾರೆ. ಒದ್ದೆ ಕೈಯಲ್ಲಿ ಸವರಿದ ಕೂಡಲೇ ಬಣ್ಣ ಬಯಲಾಗುತ್ತದೆ.

ಪಕ್ಕದ ಫೋಟೋ ಸಿಗದೆ ಎದುರಿನದು ಮಾತ್ರ ಇದ್ದರೆ? ಮೂಗಿನ ಮೇಲಂಚಿಗೆ ಒಂದು ಅಡ್ಡ ಗೆರೆ ಎಳೆಯಿರಿ. ಪೀಕಿಂಗೀಸ್‌ನಲ್ಲಿ ಆ ಗೆರೆ ಕಣ್ಣಿನ ನಡುಮಧ್ಯಕ್ಕಿಂತ ತುಸು ಮೇಲೆ ಹಾಯುತ್ತದೆ. ಮೂಗು ಅಷ್ಟು ಮೇಲೆ ಕೂತಿದೆ. ಶಿಟ್ಸುವಿನಲ್ಲಿ ಗೆರೆ ಕಣ್ಣಿನ ಕೆಳ ರೆಪ್ಪೆಯ ಮಟ್ಟದಲ್ಲಿ ಬರುತ್ತದೆ. ಲಾಸಾದಲ್ಲಿ ಕಣ್ಣಿನ ಕೆಳಗೆ ಖಾಲಿ ಜಾಗ ಬಿಟ್ಟು ಇನ್ನೂ ಕೆಳಗೆ. ಇದು ನನಗೆ ತುಂಬಾ ಕೆಲಸಕ್ಕೆ ಬಂದ ಉಪಾಯ. ಆದರೆ ಮೊಬೈಲ್ ನಾಯಿಯ ಕಣ್ಣಿನ ಮಟ್ಟದಲ್ಲೇ ಇದ್ದಿರಬೇಕು. ಮೇಲಿನಿಂದ ತೆಗೆದರೆ ಮೂಗು ಕೆಳಗೆ ಜಾರುತ್ತದೆ, ಶಿಟ್ಸು ಲಾಸಾ ಆಗಿಬಿಡುತ್ತದೆ. ಕೆಳಗಿನಿಂದ ತೆಗೆದರೆ ಉಲ್ಟಾ. ಮೇಲಿನಿಂದ ತೆಗೆದದ್ದು ಅಂತ ತಿಳಿಯೋದು ಸುಲಭ: ನೆತ್ತಿ ದೊಡ್ಡದಾಗಿ, ಕಾಲು ಸಣ್ಣದಾಗಿ ಕಾಣುತ್ತದೆ.

ಆರು ತಿಂಗಳೊಳಗಿನ ಮರಿಗೆ ಈ ಅಳತೆ ಹಚ್ಚಬೇಡಿ. ಎಲ್ಲ ಮರಿಗಳ ಮೂತಿಯೂ ಮೊಂಡು. ಬೆಳೆದಂತೆ ಮೂತಿ ಮುಂದಕ್ಕೆ ಬರುತ್ತದೆ. ಮರಿ ಮಾರುವವರ ಧೈರ್ಯವೆಲ್ಲ ಇದರ ಮೇಲೆಯೇ ನಿಂತಿದೆ.

ಪಾಮೇರಿಯನ್ನೋ, ಇಂಡಿಯನ್ ಸ್ಪಿಟ್ಜೋ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಪಾಮೇರಿಯನ್ ಅಂತ ಕರೆಯುವ ಬಿಳಿ ನಾಯಿಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ಜರ್ಮನ್ ಸ್ಪಿಟ್ಜ್ ವಂಶದ ನಾಯಿಗಳನ್ನು ನಮ್ಮ ಸೆಕೆಗೆ ಹೊಂದುವಂತೆ ಇಲ್ಲೇ ಬೆಳೆಸಿದ ತಳಿ ಇದು. ಹೊರದೇಶದ ನಾಯಿ ತರಿಸೋದು ಕಷ್ಟವಾಗಿದ್ದ 1980 ಮತ್ತು 90ರ ದಶಕದಲ್ಲಿ ಮನೆ ಮನೆಗೂ ಬಂದದ್ದು ಇದೇ. ನಮ್ಮ ಸೋದರತ್ತೆ ಮನೆಯಲ್ಲಿ ಇದ್ದ ಟಾಮಿಯೂ ಇದೇ. ಅತ್ತೆ ಈಗಲೂ ಒಪ್ಪೋದಿಲ್ಲ, ಅದು ಪಾಮೇರಿಯನ್ನೇ ಅಂತಾರೆ.

ನಿಜವಾದ ಪಾಮೇರಿಯನ್ ಮುಖ ನರಿ ಮರಿಯಂತೆ. ಮೂತಿ ತಲೆಯ ಮೂರನೇ ಒಂದು, ಸಣ್ಣದು, ಹಣೆಯ ತಗ್ಗು ಸ್ಪಷ್ಟ. ಇಂಡಿಯನ್ ಸ್ಪಿಟ್ಜ್ ಮೂತಿ ಅದಕ್ಕಿಂತ ಉದ್ದ, ಚೂಪು. ಕಿವಿಯೂ ದೊಡ್ಡದು, ಕೂದಲಿನಿಂದ ಮೇಲೆದ್ದು ಕಾಣುತ್ತದೆ. ಪಾಮೇರಿಯನ್ ಕಿವಿ ಪುಟ್ಟದು, ಕತ್ತಿನ ಸುತ್ತಲ ಕೂದಲಲ್ಲಿ ಅರ್ಧ ಮುಳುಗಿರುತ್ತದೆ.

ಅನುಮಾನ ಉಳಿದರೆ ಫರಸಿ ಕಲ್ಲಿಗೆ ಬನ್ನಿ. ನಿಮ್ಮ ಮನೆಯ ಕಲ್ಲು ಎಷ್ಟು ಅಡಿಯದು ಅಂತ ಟೇಪು ಹಿಡಿದು ನೋಡಿ. ನಮ್ಮಲ್ಲಿ ಎರಡಡಿಯದು. ನಾಯಿ ಪಕ್ಕಕ್ಕೆ ನಿಂತ ಫೋಟೋದಲ್ಲಿ, ಅದರ ಪಾದದ ಸಾಲಿನಲ್ಲೇ ಇರುವ ಕಲ್ಲಿನ ಅಂಚನ್ನು ಅಳೆಯಿರಿ. ಆಮೇಲೆ ನೆಲದಿಂದ ಭುಜದ ತುದಿಯವರೆಗೆ ನಾಯಿಯನ್ನು ಅಳೆಯಿರಿ. ಈಚೆಗೆ ಶಹಾಪುರದಿಂದ ಬಂದ ಫೋಟೋದಲ್ಲಿ ಎರಡಡಿ ಕಲ್ಲು ಸ್ಕ್ರೀನಿನಲ್ಲಿ 120 ಮಿಲಿಮೀಟರ್ ಇತ್ತು, ನಾಯಿ 70. ಅಂದರೆ 24 ಇಂಚಿಗೆ 120, ಹಾಗಾದರೆ 70ಕ್ಕೆ 14 ಇಂಚು. ಪಾಮೇರಿಯನ್ ಒಂಬತ್ತೂವರೆ ಇಂಚು ದಾಟೋದು ಕಷ್ಟ. "ಟಾಯ್ ಪಾಮ್" ಅಂತ ತಂದಿದ್ದ ಆ ನಾಯಿ ಇಂಡಿಯನ್ ಸ್ಪಿಟ್ಜ್. ಕಲ್ಲು ನಾಯಿಯ ಹಿಂದೆ ದೂರ ಇದ್ದರೆ ಕಲ್ಲು ಸಣ್ಣದಾಗಿ ಕಂಡು ನಾಯಿ ದೊಡ್ಡದಾಗುತ್ತದೆ. ಪಾದದ ಸಾಲು ಅಂದದ್ದು ಅದಕ್ಕೇ. ಭುಜದ ಮೇಲೆ ಎದ್ದು ನಿಂತ ಕೂದಲನ್ನೂ ಸೇರಿಸಿ ಅಳೆಯಬೇಡಿ, ಅದೇ ಒಂದು ಇಂಚು ಇರುತ್ತದೆ.

ಎರಡಕ್ಕೂ ನಾನು ಮೆಷಿನ್ ಹಚ್ಚೋದಿಲ್ಲ. ಬಾಚಿ ಸತ್ತ ಕೂದಲು ತೆಗೆದು, ಅಂಚು ಮಾತ್ರ ಕತ್ತರಿಸುತ್ತೇನೆ.

ಮೂರನೇ ಹಂತ: ಕಿವಿ ಮತ್ತು ಅದರ ಜಾಲರಿ

ಕಿವಿ ನೋಡುವಾಗ ಎರಡು ಪ್ರಶ್ನೆ ಬೇರೆ ಬೇರೆ ಕೇಳಿಕೊಳ್ಳಿ. ಕಿವಿ ನಿಂತಿದೆಯೋ, ಜೋತಿದೆಯೋ? ಕಿವಿಯ ಚರ್ಮ ಎಲ್ಲಿ ಮುಗಿಯುತ್ತದೆ, ಅಂಚಿನ ಕೂದಲಿನ ಜಾಲರಿ ಎಲ್ಲಿಂದ ಶುರು? ಸೀರೆಯ ಸೆರಗಿಗೂ ಅದಕ್ಕೆ ಕಟ್ಟಿದ ಕುಚ್ಚಿಗೂ ಇರುವ ವ್ಯತ್ಯಾಸದಂತೆ ಇದು. ಹೆಚ್ಚಿನವರು ಕುಚ್ಚನ್ನೂ ಸೇರಿಸಿ "ಕಿವಿ ಉದ್ದ ಅದ" ಅಂತಾರೆ.

ಚರ್ಮ ಎಲ್ಲಿ ಮುಗಿಯಿತು ಅಂತ ಕಾಣಬೇಕಾದರೆ ನಾಯಿಯ ಹಿಂದೆ ಕಿಟಕಿ ಇರಲಿ. ಹಿಂಬದಿಯ ಬೆಳಕಿಗೆ ಚರ್ಮ ಕಪ್ಪಾಗಿ, ಕೂದಲು ಹೊಗೆಯಂತೆ ತಿಳಿಯಾಗಿ ಕಾಣುತ್ತದೆ. ಎರಡರ ನಡುವಿನ ಗೆರೆ ಸಲೀಸಾಗಿ ಸಿಗುತ್ತದೆ.

ನಿಂತ ಕಿವಿಯಲ್ಲಿ ಪಾಪಿಯಾನ್ ಕಂಡರೆ ಮರೆಯೋದಿಲ್ಲ. ಫ್ರೆಂಚಿನಲ್ಲಿ ಪಾಪಿಯಾನ್ ಅಂದರೆ ಚಿಟ್ಟೆ. ದೊಡ್ಡ ಕಿವಿ ತಲೆಯ ಎರಡು ಬದಿಗೆ 45 ಡಿಗ್ರಿ ವಾಲಿ ಬಿಚ್ಚಿಕೊಂಡಿರುತ್ತದೆ, ಅಂಚಿನಿಂದ ಉದ್ದನೆ ಜಾಲರಿ ಇಳಿದಿರುತ್ತದೆ. ಉದ್ದ ಕೂದಲಿನ ಚಿಹುವಾಹುವಾಗೂ ದೊಡ್ಡ ನಿಂತ ಕಿವಿಯೇ, ಆದರೆ ಜಾಲರಿ ತೆಳು, ತಲೆ ಸೇಬಿನಂತೆ ದುಂಡು. ಪಾಪಿಯಾನ್‌ನಲ್ಲೇ ಕಿವಿ ಜೋತಿರುವ ಬಗೆಯೂ ಇದೆ, ಅದಕ್ಕೆ ಫಲೇನ್ ಅಂತಾರೆ, ಅಂದರೆ ಪತಂಗ. ನನ್ನ ಅಂಗಡಿಗೆ ಇದುವರೆಗೆ ಒಂದೂ ಬಂದಿಲ್ಲ.

ಜೋತ ಕಿವಿಯಲ್ಲೇ ನಿಜವಾದ ಪರೀಕ್ಷೆ. ಮಾಲ್ಟೀಸ್ ಕಿವಿ ತಲೆಗೆ ಅಂಟಿದಂತೆ ಕೆಳಗೆ ಇಳಿದಿರುತ್ತದೆ, ಕೂದಲು ಗುಂಗುರಿಲ್ಲದೆ ನೇರ, ರೇಷ್ಮೆ ಎಳೆಯಂತೆ ತೂಕಕ್ಕೆ ಬೀಳುತ್ತದೆ. ಬಿಷೋನ್ ಕೂದಲು ಗುಂಗುರು, ತೂಕಕ್ಕೆ ಬೀಳದೆ ಹೊರಗೆ ಉಬ್ಬುತ್ತದೆ. ಹಾಗಾಗಿ ಕಿವಿ ಬೇರೆಯಾಗಿ ಕಾಣೋದೇ ಇಲ್ಲ, ತಲೆಯೆಲ್ಲ ಒಂದೇ ಹತ್ತಿ ಉಂಡೆ. ಮೂತಿಯಲ್ಲಿ ಸಿಗದ ಉತ್ತರ ಇಲ್ಲಿ ಸಿಕ್ಕಿತಲ್ವಾ?

ಪೀಕಿಂಗೀಸ್ ಕಿವಿಯ ಚರ್ಮ ಹೃದಯದ ಆಕಾರ, ಅಂಚಿನ ಜಾಲರಿ ಚರ್ಮಕ್ಕಿಂತ ಎಷ್ಟೋ ಕೆಳಗೆ ಇಳಿದು ಮುಖಕ್ಕೆ ಚೌಕಟ್ಟು ಹಾಕಿದಂತೆ ಇರುತ್ತದೆ. ಮುಖದ ಮೇಲೆ ಮಾತ್ರ ಗಿಡ್ಡ ಕೂದಲು. ಶಿಟ್ಸುವಿನ ಕಿವಿ ಕತ್ತಿನ ಕೂದಲಿನ ಜೊತೆ ಬೆರೆತು ಒಂದಾಗಿಬಿಡುತ್ತದೆ, ಮುಖದ ತುಂಬ ಉದ್ದ ಕೂದಲು. ಪೀಕಿಂಗೀಸನ್ನೂ ಶಿಟ್ಸುವನ್ನೂ ಬೇರೆ ಮಾಡಲು ಇಷ್ಟು ಸಾಕು.

ಶಿಟ್ಸು ಮತ್ತು ಲಾಸಾಗಳ ಕಿವಿ ಮಾತ್ರ ಫೋಟೋದಲ್ಲಿ ಒಂದೇ ಥರ. ಎರಡೂ ಜೋತಿರುತ್ತವೆ, ಎರಡಕ್ಕೂ ಭಾರಿ ಜಾಲರಿ. ಅದನ್ನು ನೋಡುತ್ತ ಕೂರಬೇಡಿ, ಮೂಗಿನ ಬುಡದ ಕೂದಲು ನೋಡಿ. ಶಿಟ್ಸುವಿನಲ್ಲಿ ಅದು ಮೂಗಿನಿಂದ ಮೇಲಕ್ಕೆ, ಸುತ್ತಲೂ ಬೆಳೆಯುತ್ತದೆ. ಹತ್ತಿರದಿಂದ ನೋಡಿದರೆ ಮುಖ ಅರಳಿದ ಸೇವಂತಿಗೆಯಂತೆ. ಲಾಸಾದಲ್ಲಿ ಹಣೆಯ ಕೂದಲು ಮುಂದಕ್ಕೆ ಕಣ್ಣಿನ ಮೇಲೆ ಬೀಳುತ್ತದೆ, ಮಳೆಗಾಲದ ಗುಡಿಸಲ ಸೂರಿನ ಹಾಗೆ.

ಕಿವಿ ಸುಳ್ಳು ಹೇಳುವ ಸಂದರ್ಭ ಮೂರು. ಮರಿಗಳಲ್ಲಿ ನಿಲ್ಲಬೇಕಾದ ಕಿವಿ ಇನ್ನೂ ನಿಂತಿರೋದಿಲ್ಲ. ಹೆದರಿದ ನಾಯಿ ಕಿವಿಯನ್ನು ಹಿಂದಕ್ಕೆ ಒತ್ತಿರುತ್ತದೆ, ನನ್ನ ಮಾನ ಕಳೆದದ್ದು ಅದೇ. ಮತ್ತು ಕತ್ತರಿ ಬಿದ್ದ ಕಿವಿ. ಬೇಸಿಗೆಯಲ್ಲಿ ಎಲ್ಲರೂ ಜಾಲರಿ ತೆಗೆಸಿಬಿಡುತ್ತಾರೆ. ಕಟಿಂಗ್ ಆದ ನಾಯಿಯಾದರೆ ಹಿಂದಿನ ಚಳಿಗಾಲದ ಫೋಟೋ ಕೇಳಿ, ಗ್ಯಾಲರಿಯಲ್ಲಿ ಇದ್ದೇ ಇರುತ್ತದೆ.

ನಾಲ್ಕನೇ ಹಂತ: ಬಾಲದ ಡೊಂಕು

ನಾಯಿ ಬಾಲ ಡೊಂಕು ಅಂತ ಎಲ್ಲರಿಗೂ ಗೊತ್ತು. ಡೊಂಕು ಎಲ್ಲಿಂದ ಶುರುವಾಗಿ ತುದಿ ಎಲ್ಲಿ ಬೀಳುತ್ತದೆ ಅನ್ನೋದೇ ನಮಗೆ ಬೇಕಾದ ಸುದ್ದಿ.

ಪಾಮೇರಿಯನ್ ಬಾಲ ಬುಡದಲ್ಲೇ ಹಿಂದಕ್ಕೆ ಮಡಚಿ ಬೆನ್ನ ಮೇಲೆ ನೇರವಾಗಿ, ಚಪ್ಪಟೆಯಾಗಿ ಮಲಗುತ್ತದೆ. ಕೂದಲು ಬೀಸಣಿಗೆಯಂತೆ ಹರಡುತ್ತದೆ. ಪಾಪಿಯಾನ್ ಬಾಲ ಉದ್ದ, ಮೇಲಕ್ಕೆ ಹೋಗಿ ಕಮಾನಿನಂತೆ ಬೆನ್ನ ಮೇಲೆ ಬಾಗುತ್ತದೆ. ಶಿಟ್ಸುವಿನದು ಚಹಾ ಕಪ್ಪಿನ ಹಿಡಿಯಂತೆ, ಬಾಲಕ್ಕೂ ಬೆನ್ನಿಗೂ ನಡುವೆ ಗಾಳಿ ಆಡುತ್ತದೆ. ಲಾಸಾದ ಬಾಲ ಬೆನ್ನಿಗೆ ಹತ್ತಿರ, ತಿರುಪಿನಂತೆ ಸುತ್ತಿರುತ್ತದೆ, ಎಷ್ಟೋ ಸಲ ತುದಿಯಲ್ಲಿ ಒಂದು ಗಂಟು ಕೈಗೆ ಸಿಗುತ್ತದೆ. ಪೀಕಿಂಗೀಸ್ ಬಾಲ ಸ್ವಲ್ಪ ಬಾಗಿ, ಕೂದಲು ಬೆನ್ನಿನ ಒಂದು ಪಕ್ಕಕ್ಕೆ ಸುರಿಯುತ್ತದೆ, ಸುರುಳಿ ಇರೋದಿಲ್ಲ. ಪೂಡಲ್ ಬಾಲ ಸುತ್ತೋದೇ ಇಲ್ಲ, ನೆಟ್ಟಗೆ ಮೇಲಕ್ಕೆ. ಕೆಲವರು ಅದನ್ನು ಮರಿಯಲ್ಲೇ ಕತ್ತರಿಸಿರುತ್ತಾರೆ.

ಬಾಲವನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ಅದು ಎಲುಬಿಗಿಂತ ಮನಸ್ಸಿನ ಮಾತು ಜಾಸ್ತಿ ಕೇಳುತ್ತದೆ. ನನ್ನ ಕಟಿಂಗ್ ಟೇಬಲ್ ಹತ್ತಿದ ಕೂಡಲೇ ಎಲ್ಲ ತಳಿಯ ಬಾಲವೂ ಕೆಳಗೆ. ಆಗ ಶಿಟ್ಸು, ಲಾಸಾ, ಪಾಮೇರಿಯನ್ ಎಲ್ಲ ಒಂದೇ. ಹಾಗಾಗಿ ನನ್ನ ನಿಯಮ ಇಷ್ಟು: ಎದ್ದ ಬಾಲ ಸಾಕ್ಷಿ ಹೇಳುತ್ತದೆ, ಇಳಿದ ಬಾಲ ಏನನ್ನೂ ಹೇಳೋದಿಲ್ಲ. ಮನೆಯವರು ಬಾಗಿಲಿಗೆ ಬಂದಾಗ, ಇಲ್ಲವೇ ಬಿಸ್ಕೀಟು ಕೈಯಲ್ಲಿ ಹಿಡಿದಾಗ ಫೋಟೋ ತೆಗೆದರೆ ಬಾಲ ತನ್ನ ನಿಜವಾದ ಜಾಗಕ್ಕೆ ಬರುತ್ತದೆ. ಅಲ್ಲಾಡಿ ಮಸುಕಾದರೆ ಒಂದು ಸಣ್ಣ ವಿಡಿಯೋ ತೆಗೆದು ಅದರಿಂದ ಒಂದು ಚಿತ್ರ ನಿಲ್ಲಿಸಿಕೊಳ್ಳಿ.

ಬೀದರಿನಿಂದ ಬಂದ ಒಂದು ನಾಯಿ

ಹೋದ ಫೆಬ್ರುವರಿಯಲ್ಲಿ ಬೀದರಿನ ಒಬ್ಬರು ಫೋನ್ ಮಾಡಿದರು. ಶಿಟ್ಸು ಅಂತ ಕೊಂಡಿದ್ದರು, ಈಗ ಒಂದೂವರೆ ವರ್ಷ. ಬೇಸಿಗೆಗೆ ಮುಂಚೆ ಕಟಿಂಗ್ ಆಗಬೇಕು. ಕಲಬುರಗಿಗೆ ಬರೋದಕ್ಕೆ ಮೊದಲು ಫೋಟೋ ಕಳಿಸಿದರು. ಸೋಫಾ ಮೇಲೆ ಕೂತ ನಾಯಿ, ಮೇಲಿನಿಂದ ತೆಗೆದದ್ದು, ಮುಖದ ಕೂದಲು ದುಂಡಗೆ ಕತ್ತರಿಸಿತ್ತು. ನೋಡಿದರೆ ಶಿಟ್ಸುವೇ. ಕಾಲಿನ ಕೂದಲು ಕೆಂಪಗೆ ಇತ್ತು. ಇದು ಕೆಂಪು ಶಿಟ್ಸುವೇನೋ ಅಂದರು. ಬೀದರಿನ ಕೆಂಪು ಮಣ್ಣಿನಲ್ಲಿ ಆಡಿದ ಬಿಳಿ ನಾಯಿ ಎಲ್ಲವೂ ಕೆಂಪು, ಸ್ನಾನ ಆದ ಮೇಲೆ ಬಣ್ಣದ ಮಾತು ಆಡೋಣ ಅಂದೆ.

ಮೂರು ಫೋಟೋ ಹೇಗೆ ತೆಗೆಯಬೇಕು ಅಂತ ಹೇಳಿದೆ. ಮರುದಿನ ಬಂದವು. ಅವರ ಹೆಂಡತಿ ನಾಯಿಯ ತಲೆಯ ಹಿಂದೆ ಬೆರಳು ಇಟ್ಟಿದ್ದರು, ಮೂತಿಯ ಕೂದಲು ಒದ್ದೆ ಮಾಡಿ ಸವರಿದ್ದರು.

ಪಕ್ಕದ ಫೋಟೋವನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಸ್ಕೇಲ್ ಇಟ್ಟೆ. ಮೂಗಿನಿಂದ ತಗ್ಗಿಗೆ 22 ಮಿಲಿಮೀಟರ್. ಮೂಗಿನಿಂದ ಬೆರಳಿಗೆ 64. ಭಾಗಿಸಿದರೆ 0.34, ಹೆಚ್ಚುಕಡಿಮೆ ಮೂರನೇ ಒಂದು. ಅದು ಶಿಟ್ಸು ಆಗಿದ್ದರೆ 64ಕ್ಕೆ ಮೂತಿ 13ರ ಹತ್ತಿರ ಬರಬೇಕಿತ್ತು. ಒಂಬತ್ತು ಮಿಲಿಮೀಟರ್ ವ್ಯತ್ಯಾಸ ಸ್ಕೇಲ್ ಇಡುವಾಗ ಕೈ ನಡುಗಿ ಬಂದದ್ದಲ್ಲ.

ಎದುರಿನ ಫೋಟೋದಲ್ಲಿ ಮೂಗಿನ ಮೇಲಂಚಿನ ಗೆರೆ ಕಣ್ಣಿನ ಕೆಳ ರೆಪ್ಪೆಯಿಂದ ಚೆನ್ನಾಗಿ ಕೆಳಗಿತ್ತು. ಮೇಲಿನಿಂದ ತೆಗೆದ ಮೋಸವೇನೋ ಅಂತ ಕಾಲು ನೋಡಿದೆ. ಕಾಲು ಸರಿಯಾದ ಅಳತೆಯಲ್ಲೇ ಇತ್ತು, ಮೊಬೈಲ್ ನಾಯಿಯ ಮಟ್ಟದಲ್ಲೇ ಇದ್ದದ್ದು ನಿಜ. ಕಿವಿಯಿಂದ ಏನೂ ಸಿಗಲಿಲ್ಲ, ಸಿಗೋದೂ ಇಲ್ಲ. ಮುಖಕ್ಕೆ ಕತ್ತರಿ ಬಿದ್ದಿದ್ದರಿಂದ ಸೇವಂತಿಗೆಯೋ ಸೂರೋ ಅನ್ನೋದೂ ತಿಳಿಯಲಿಲ್ಲ. ಮೂರನೇ ಫೋಟೋದಲ್ಲಿ ಬಾಲ ಎದ್ದಿತ್ತು. ಬೆನ್ನಿಗೆ ಹತ್ತಿರ, ಒಂದು ಪಕ್ಕಕ್ಕೆ ತಿರುಚಿಕೊಂಡು.

"ಅಣ್ಣಾರ, ಬಾಲದ ತುದಿ ಬೆರಳಲ್ಲಿ ಹಿಡಿದು ನೋಡ್ರಿ. ಗಂಟು ಹತ್ತತದೇನು?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೌದ್ರಿ, ಸಣ್ಣ ಗಂಟ್ ಅದ. ಎಲ್ಲಿ ಬಾಗಿಲಿಗೆ ಸಿಕ್ಕಿ ಮುರದಿತ್ತೋ ಏನೋ ಅಂತ ನಾವು ಡಾಕ್ಟರಿಗೂ ತೋರ್ಸಿದ್ವಿ."

ಮುರಿದದ್ದಲ್ಲ. ಲಾಸಾ ಬಾಲಕ್ಕೆ ಅದು ಹುಟ್ಟಿನಿಂದ ಬರೋದುಂಟು. ಮೂತಿ ಒಂದು ಸಾಕ್ಷಿ, ಮೂಗಿನ ಗೆರೆ ಎರಡು, ಬಾಲ ಮೂರು. ಎತ್ತರವನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಶಿಟ್ಸು ಒಂಬತ್ತರಿಂದ ಹತ್ತೂವರೆ ಇಂಚು, ಲಾಸಾ ಹತ್ತು ಹನ್ನೊಂದು. ಫರಸಿ ಕಲ್ಲಿನ ಲೆಕ್ಕ ಅಷ್ಟು ಸೂಕ್ಷ್ಮ ಅಲ್ಲ.

ಕೆಲಸದ ಮಟ್ಟಿಗೆ ಇದರಿಂದ ಏನಾಯಿತು ಅಂದರೆ, ಕಟಿಂಗಿಗೆ ಅಡ್ಡಿ ಇಲ್ಲ, ಕೂದಲು ಮತ್ತೆ ಬರುತ್ತದೆ. ಮೂತಿ ಚಪ್ಪಟೆ ಅಲ್ಲದ್ದರಿಂದ ಡ್ರೈಯರಿಗೆ ಶಿಟ್ಸುವಿಗೆ ಕೊಡುವಷ್ಟು ಬಿಡುವು ಕೊಡಬೇಕಿಲ್ಲ. ಆದರೂ ಮಧ್ಯಾಹ್ನ ಬೇಡ, ಬೆಳಿಗ್ಗೆ ಎಂಟಕ್ಕೇ ಬನ್ನಿ ಅಂದೆ.

ಯಾವ ಗುಂಪಿಗೂ ಸೇರದಿದ್ದರೆ

ಹೀಗೆ ನೋಡುತ್ತ ಹೋದರೆ ಮೂತಿ ಒಂದು ತಳಿ, ಕಿವಿ ಇನ್ನೊಂದು, ಬಾಲ ಮತ್ತೊಂದು ಹೇಳುವ ನಾಯಿಗಳೂ ಬರುತ್ತವೆ. ಅಪ್ಪನ ಕೆರೆ ಹತ್ತಿರ ಬೆಳಿಗ್ಗೆ ವಾಕಿಂಗ್ ಬರುವ ಜೂಲು ನಾಯಿಗಳಲ್ಲಿ ಅಂಥವು ಬೇಕಾದಷ್ಟಿವೆ. ಸ್ಪಿಟ್ಜ್ ಮೂತಿ, ಅರ್ಧ ನಿಂತು ತುದಿ ಮಡಚಿದ ಕಿವಿ, ಕಪ್ಪಿನ ಹಿಡಿಯಂಥ ಬಾಲ. ಅದು ಬೆರಕೆ. ಫೋಟೋದಲ್ಲಿ ಇದಕ್ಕಿಂತ ಮುಂದೆ ಹೋಗಲು ಆಗೋದಿಲ್ಲ, ಎಷ್ಟು ದೊಡ್ಡದು ಮಾಡಿ ನೋಡಿದರೂ ಅಪ್ಪ ಅಮ್ಮ ಯಾರು ಅಂತ ಕಾಣೋದಿಲ್ಲ. ಎರಡು ಗುರುತು ಒಂದೇ ತಳಿಯನ್ನು ಹೇಳಿ ಮೂರನೆಯದು ಸುಮ್ಮನಿದ್ದರೆ ಹೆಸರು ಹೇಳುತ್ತೇನೆ. ಮೂರನೆಯದು ಎದುರು ಮಾತಾಡಿದರೆ ಹೇಳೋದಿಲ್ಲ.

ಅಂಥ ನಾಯಿಗೆ ನನ್ನ ರಿಜಿಸ್ಟರಿನಲ್ಲಿ ತಳಿಯ ಕಾಲಂ ಖಾಲಿ ಬಿಟ್ಟು, ಪಕ್ಕದಲ್ಲಿ ಕಂಡದ್ದನ್ನು ಬರೆಯುತ್ತೇನೆ: "ಮೂತಿ ಮೂರನೇ ಒಂದಕ್ಕಿಂತ ಉದ್ದ. ಕಿವಿ ಅರ್ಧ ನಿಂತಿದೆ, ಜಾಲರಿ ಒಂದು ಇಂಚು. ಬಾಲ ಕಪ್ಪಿನ ಹಿಡಿ." ಅದರ ಕೆಳಗೆ ಇನ್ನೊಂದು ಸಾಲು, ಹುಡುಗನಿಗೆ ಕಾಣುವಂತೆ ಕೆಂಪು ಪೆನ್ನಿನಲ್ಲಿ: "ಒಳಪದರ ಇದೆ. ಮೆಷಿನ್ ಬೇಡ."